‘ನಮ್ಮಲ್ಲಿ?’ ಎಂಬ ಸಾಲು: ಮರುಬರೆದ ಬ್ಯಾಟಲ್‌ಕಾರ್ಡ್ ಬಳಸಿ ಒಂದು ವರ್ಷವಾದ ಮೇಲೆ

ನಮ್ಮ ಮಾರಾಟ ತಂಡಕ್ಕೆ ಮರುಬರೆದು ಕೊಟ್ಟ ಬ್ಯಾಟಲ್‌ಕಾರ್ಡನ್ನು ಸುಮಾರು ಒಂದು ವರ್ಷದಿಂದ ಬಳಸುತ್ತಿದ್ದೇನೆ. ಮಾರಾಟದ ಕೆಲಸದಲ್ಲಿರುವವರಿಗೆ ಬ್ಯಾಟಲ್‌ಕಾರ್ಡ್ ಎಂದರೇನು ಎಂದು ಹೇಳಬೇಕಾಗಿಲ್ಲವಾದ್ದರಿಂದ ಅದರ ವಿನ್ಯಾಸ, ಪುಟಗಳು, ಯಾವ ತಂತ್ರಾಂಶದಲ್ಲಿ ತೆರೆದುಕೊಳ್ಳುತ್ತದೆ ಎಂಬ ವಿವರಗಳನ್ನು ಬಿಟ್ಟುಬಿಡುತ್ತೇನೆ. ನಾನು ಬರೆಯಲು ಹೊರಟಿರುವುದು ಅದರಲ್ಲಿ ಹೊಸದಾಗಿ ಸೇರಿಕೊಂಡ ಒಂದೇ ಒಂದು ಸಾಲಿನ ಬಗ್ಗೆ. ಪ್ರತಿಸ್ಪರ್ಧಿಯ ಮೇಲಿನ ಪ್ರತಿಯೊಂದು ಟೀಕೆಯ ಕೆಳಗೂ ‘ನಮ್ಮಲ್ಲಿ?’ ಎಂಬ ಪ್ರಶ್ನೆಯಿದ್ದು, ಅದೇ ಟೀಕೆ ನಮಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬ ಉತ್ತರವನ್ನು ಅಲ್ಲಿ ಬರೆದಿರುತ್ತಾರೆ. ಉತ್ತರ ಸಿಗದ ಟೀಕೆಗೆ ಕಾರ್ಡಿನಲ್ಲಿ ಜಾಗವಿಲ್ಲ.

ಈ ಸಾಲು ಏಕೆ ಬೇಕಾಯಿತು ಎಂಬುದಕ್ಕೆ ಹಳೆಯ ಕಾರ್ಡಿನ ಒಂದು ನಮೂದು ಸಾಕು. ನಾವು ಮಾರುವುದು ಆರ್ಡರ್‌ಗಳನ್ನು ದಾಖಲಿಸಿ ನಿರ್ವಹಿಸುವ ಆನ್‌ಲೈನ್ ತಂತ್ರಾಂಶ. ತಮ್ಮ ಸೇವೆ ಶೇ. 99.99ರಷ್ಟು ಸಮಯ ಲಭ್ಯವಿರುತ್ತದೆ ಎಂದು ಪ್ರತಿಸ್ಪರ್ಧಿ ಭರವಸೆ ಕೊಡುತ್ತಾರೆ; ನಮ್ಮ ಭರವಸೆ ಶೇ. 99.9. ಗ್ರಾಹಕರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳುವುದು ಸಹಜ. ಹಳೆಯ ಕಾರ್ಡು ಅದಕ್ಕೆ ಕೊಟ್ಟಿದ್ದ ಉತ್ತರ ಹೀಗಿತ್ತು: “ಅದು ಬರೀ ಜಾಹೀರಾತಿನ ಅಂಕಿ. ಯೋಜಿತ ನಿರ್ವಹಣೆಗಾಗಿ ಸೇವೆ ನಿಲ್ಲಿಸುವ ಸಮಯವನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ.” ಎರಡನೆಯ ವಾಕ್ಯ ಸುಳ್ಳಲ್ಲ, ಅವರ ಒಪ್ಪಂದದಲ್ಲಿ ಆ ವಿನಾಯಿತಿ ಇದೆ. ಆದರೆ ನಮ್ಮ ಒಪ್ಪಂದದಲ್ಲಿಯೂ ಅದೇ ವಿನಾಯಿತಿ ಇದೆ ಎಂಬುದನ್ನು ಕಾರ್ಡು ಎಲ್ಲಿಯೂ ಹೇಳಿರಲಿಲ್ಲ. ಖರೀದಿ ವಿಭಾಗದ ಅಧಿಕಾರಿಯೊಬ್ಬರು ನನ್ನ ಸಹೋದ್ಯೋಗಿಯ ಬಾಯಿಂದ ಈ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಸರಿ, ನಿಮ್ಮ ಒಪ್ಪಂದದಲ್ಲಿ ಆ ಸಮಯವನ್ನು ಲೆಕ್ಕಕ್ಕೆ ಹಿಡಿಯುತ್ತೀರಾ?” ಎಂದು ಕೇಳಿದರು. ಅಲ್ಲಿಂದ ಮುಂದೆ ನಮ್ಮ ಯಾವ ಮಾತಿಗೂ ಆ ಸಭೆಯಲ್ಲಿ ತೂಕ ಉಳಿಯಲಿಲ್ಲ.

ಹೊಸ ಕಾರ್ಡಿನಲ್ಲಿ ಇದೇ ನಮೂದು ಹೇಗೆ ಬದಲಾಯಿತು ಎಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮರುಬರವಣಿಗೆಯ ಗುಣವೆಲ್ಲ ಅದರಲ್ಲೇ ಕಾಣಿಸುತ್ತದೆ. ಮೊದಲಿಗೆ, ನಿರ್ವಹಣಾ ವಿನಾಯಿತಿಯ ಟೀಕೆಯನ್ನು ತೆಗೆದುಹಾಕಿದರು, ‘ನಮ್ಮಲ್ಲಿ?’ ಎಂದು ಕೇಳಿದ ಕೂಡಲೇ ಅದು ಬಿದ್ದುಹೋಯಿತು. ಆಮೇಲೆ ಎರಡೂ ಒಪ್ಪಂದಗಳ ಅದೇ ಷರತ್ತನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ನಿಜವಾದ ವ್ಯತ್ಯಾಸ ಬೇರೆಡೆ ಇರುವುದು ಕಂಡಿತು: ಅವರು ಲಭ್ಯತೆಯನ್ನು ವರ್ಷಕ್ಕೊಮ್ಮೆ ಅಳೆಯುತ್ತಾರೆ, ನಾವು ತಿಂಗಳಿಗೊಮ್ಮೆ. ಕಾರ್ಡಿನಲ್ಲಿ ಈಗ ಬಾಯಿಬಿಟ್ಟು ಹೇಳಬೇಕಾದ ಮಾತು ಇಷ್ಟು: “ಹೌದು, ವರ್ಷದ ಒಟ್ಟು ಲೆಕ್ಕದಲ್ಲಿ ಅವರ ಭರವಸೆ ನಮ್ಮದಕ್ಕಿಂತ ಬಿಗಿಯಾಗಿದೆ. ವ್ಯತ್ಯಾಸವಿರುವುದು ಅಳೆಯುವ ಅವಧಿಯಲ್ಲಿ. ನಿಮಗೆ ಹೆಚ್ಚು ತೊಂದರೆ ಕೊಡುವುದು ಆಗಾಗ ಬರುವ ಸಣ್ಣ ನಿಲುಗಡೆಯೋ, ಒಮ್ಮೆಗೇ ಬರುವ ದೊಡ್ಡ ನಿಲುಗಡೆಯೋ?”

ಅದರ ಕೆಳಗೆ ಲೆಕ್ಕವನ್ನು ಕೊಟ್ಟಿದ್ದಾರೆ. ಮೂವತ್ತು ದಿನಗಳ ತಿಂಗಳಿನಲ್ಲಿ 43,200 ನಿಮಿಷಗಳಿರುತ್ತವೆ, ಶೇ. 99.9 ಎಂದರೆ ಆ ತಿಂಗಳಿನಲ್ಲಿ 43 ನಿಮಿಷಗಳಷ್ಟು ಸೇವೆ ನಿಂತರೂ ಭರವಸೆ ಮುರಿಯುವುದಿಲ್ಲ. ವರ್ಷಕ್ಕೆ ಶೇ. 99.99 ಎಂದರೆ ಇಡೀ ವರ್ಷದಲ್ಲಿ ಸುಮಾರು 52 ನಿಮಿಷ. ಒಂದೇ ದಿನ ಸತತವಾಗಿ 50 ನಿಮಿಷ ಸೇವೆ ನಿಂತಿತು, ವರ್ಷದ ಉಳಿದ ದಿನಗಳಲ್ಲಿ ಏನೂ ಆಗಲಿಲ್ಲ ಎಂದಿಟ್ಟುಕೊಂಡರೆ ನಮ್ಮ ಭರವಸೆ ಆ ತಿಂಗಳು ಮುರಿಯುತ್ತದೆ, ಅವರದು ಮುರಿಯುವುದಿಲ್ಲ. ಹಳೆಯ ಕಾರ್ಡನ್ನು ಬರೆದವರ ಕೈಗೆ ಈ ಲೆಕ್ಕ ಸಿಕ್ಕಿದ್ದರೆ ಇಲ್ಲಿಗೇ ನಿಲ್ಲಿಸಿ, ನಾವೇ ಗೆದ್ದೆವು ಎಂದು ದಪ್ಪಕ್ಷರದಲ್ಲಿ ಹಾಕಿಬಿಡುತ್ತಿದ್ದರು. ಹೊಸ ಕಾರ್ಡು ಮುಂದಿನ ವಾಕ್ಯವನ್ನೂ ಬರೆಯುತ್ತದೆ: ಪ್ರತಿ ತಿಂಗಳೂ 40 ನಿಮಿಷ ಸೇವೆ ನಿಂತರೆ ವರ್ಷಕ್ಕೆ ಎಂಟು ಗಂಟೆಗಳಾಗುತ್ತವೆ, ಅಷ್ಟಾದರೂ ನಮ್ಮ ಭರವಸೆ ಮುರಿಯುವುದಿಲ್ಲ, ಅವರದು ಎರಡನೆಯ ತಿಂಗಳಿನಲ್ಲೇ ಮುರಿಯುತ್ತದೆ. ಯಾವ ಗ್ರಾಹಕರಿಗೆ ಯಾವುದು ಮುಖ್ಯ ಎಂಬುದು ಅವರ ಕೆಲಸವನ್ನು ಅವಲಂಬಿಸಿದೆ. ಹಗಲಿರುಳೂ ಆರ್ಡರ್ ಬರುತ್ತಿರುವ ಸಂಸ್ಥೆಗೆ ಈ ಒಂದು ಅಂಶದಲ್ಲಿ ಅವರ ಒಪ್ಪಂದವೇ ಮೇಲು ಎಂದು ಕಾರ್ಡು ಸ್ಪಷ್ಟವಾಗಿಯೇ ಹೇಳುತ್ತದೆ. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಭರವಸೆ ಮುರಿದರೆ ಎರಡೂ ಕಡೆ ಸಿಗುವುದು ಬಿಲ್ಲಿನಲ್ಲಿ ಒಂದಿಷ್ಟು ಕಡಿತವೇ ಹೊರತು ವ್ಯಾಪಾರದ ನಷ್ಟಕ್ಕೆ ಪರಿಹಾರವಲ್ಲ. ಒಪ್ಪಂದದ ಅಂಕಿ ಬೇರೆ, ಸೇವೆ ನಿಜವಾಗಿ ಎಷ್ಟು ಹೊತ್ತು ನಿಂತಿತ್ತು ಎಂಬ ದಾಖಲೆ ಬೇರೆ. ಆದ್ದರಿಂದ ಮಾತು ಗಂಭೀರವಾದರೆ ಎರಡೂ ಕಂಪನಿಗಳ ಸ್ಟೇಟಸ್ ಪುಟಗಳನ್ನು ಗ್ರಾಹಕರಿಗೇ ತೆರೆದು ತೋರಿಸಬೇಕು.

ಇದರಲ್ಲಿ ನಾನು ನಿರೀಕ್ಷಿಸದೇ ಇದ್ದ ಸುಖವೊಂದಿದೆ. ಪ್ರತಿಸ್ಪರ್ಧಿಯ ಮೇಲುಗೈಯನ್ನು ನಾವೇ ಒಪ್ಪಿಕೊಂಡರೆ ಡೀಲ್ ಕೈತಪ್ಪುತ್ತದೆ ಎಂಬ ಭಯ ನಮ್ಮ ತಂಡದಲ್ಲಿ ಬಹುಮಂದಿಗೆ ಇತ್ತು. ಮ್ಯಾನೇಜರ್‌ಗಳಿಗಂತೂ ಈಗಲೂ ಇದೆ. ನನಗೆ ಆದದ್ದು ಬೇರೆ. “ಹೌದು, ಅವರದು ಬಿಗಿಯಾಗಿದೆ” ಎಂದ ಕೂಡಲೇ ಗ್ರಾಹಕರು ವಾದಕ್ಕೆ ನಿಲ್ಲುವುದನ್ನು ಬಿಟ್ಟು ತಮ್ಮ ಕೆಲಸದ ಬಗ್ಗೆ ಹೇಳತೊಡಗುತ್ತಾರೆ: ಯಾವ ಹೊತ್ತಿನಲ್ಲಿ ಒತ್ತಡ ಹೆಚ್ಚು, ಹಿಂದೊಮ್ಮೆ ಸೇವೆ ನಿಂತಾಗ ಏನಾಯಿತು, ಆಗ ಯಾರು ಯಾರಿಗೆ ಉತ್ತರ ಕೊಡಬೇಕಾಯಿತು ಇತ್ಯಾದಿ. ನಮಗೆ ಬೇಕಾಗಿದ್ದ ಮಾಹಿತಿಯೂ ಅದೇ. ಎಲ್ಲ ಡೀಲ್‌ಗಳೂ ಕೈಗೂಡಿದವು ಎಂದು ಇದರ ಅರ್ಥವಲ್ಲ. ಹೊಂದದ ಗ್ರಾಹಕರು ಬೇಗನೆ ಹೊರಗುಳಿಯುತ್ತಾರೆ ಎಂಬುದೂ ಒಂದು ಲಾಭವೇ.

ಪ್ರತಿ ಕರೆಗೂ ಮುನ್ನ ಮಾಡುವ ಒಂದು ಸಣ್ಣ ಕೆಲಸ ಈಗ ಅಭ್ಯಾಸವಾಗಿದೆ. ಪರದೆಯ ಎಡಭಾಗದಲ್ಲಿ ಕಾರ್ಡು, ಬಲಭಾಗದಲ್ಲಿ ಗ್ರಾಹಕರ ಹಿಂದಿನ ಟಿಪ್ಪಣಿಗಳು. ಆ ಗ್ರಾಹಕರ ಬಾಯಲ್ಲಿ ಬರಬಹುದಾದ ಎರಡೋ ಮೂರೋ ಪ್ರಶ್ನೆಗಳನ್ನು ಆರಿಸಿಕೊಂಡು, ಅವುಗಳ ಎದುರಿಗಿರುವ ಮಾತನ್ನು ಮಾತ್ರ ಗಟ್ಟಿಯಾಗಿ ಓದುತ್ತೇನೆ. ಕೆಳಗಿನ ಲೆಕ್ಕವನ್ನು ಓದುವುದಿಲ್ಲ, ಕಣ್ಣಾಡಿಸುತ್ತೇನೆ ಅಷ್ಟೆ. ಒಂದೇ ಉಸಿರಿನಲ್ಲಿ ಹೇಳಲಾಗದ ವಾಕ್ಯಗಳನ್ನು ಕಾರ್ಡಿನಿಂದ ಕಿತ್ತುಹಾಕಿದ್ದು ಮರುಬರವಣಿಗೆಯ ಇನ್ನೊಂದು ಪುಣ್ಯ. ಹಳೆಯ ಕಾರ್ಡಿನಲ್ಲಿದ್ದ ಸಮಗ್ರ, ಸಶಕ್ತ, ವಿಶ್ವದರ್ಜೆ ಮುಂತಾದ ಪದಗಳನ್ನು ಫೋನಿನಲ್ಲಿ ಮನುಷ್ಯರಾದವರು ಹೇಳಲಾರರು. ಗ್ರಾಹಕರ ಪ್ರಶ್ನೆಯನ್ನು ಗ್ರಾಹಕರ ಮಾತಿನಲ್ಲೇ ಶೀರ್ಷಿಕೆಯಾಗಿ ಬರೆದಿರುವುದರಿಂದ ಕರೆಯ ನಡುವೆ ಹುಡುಕುವುದೂ ಸುಲಭ: ‘ನಿಮ್ಮದು ಯಾಕೆ ಮೂರೇ ಒಂಬತ್ತು?’ ಎಂಬ ಶೀರ್ಷಿಕೆ ಕಣ್ಣಿಗೆ ಬೀಳುವಷ್ಟು ಬೇಗ ‘ಲಭ್ಯತಾ ಹೋಲಿಕೆ’ ಎಂಬುದು ಬೀಳುವುದಿಲ್ಲ.

ಇಷ್ಟು ಹೊಗಳಿದ ಮೇಲೆ, ನನ್ನ ಅಂದಾಜಿನಲ್ಲಿ ಈ ಕಾರ್ಡಿನ ಅತಿ ದೊಡ್ಡ ದೋಷವನ್ನೂ ಹೇಳಬೇಕು. ಅದು ಹುಟ್ಟಿದ್ದು ಅದೇ ‘ನಮ್ಮಲ್ಲಿ?’ ಸಾಲಿನಿಂದ. ಪ್ರತಿಸ್ಪರ್ಧಿಯ ಪ್ರತಿಯೊಂದು ನಡೆಯನ್ನೂ ನಮ್ಮವರು ಹದ್ದಿನ ಕಣ್ಣಿಟ್ಟು ಕಾಯುತ್ತಾರೆ. ಅವರ ಬೆಲೆಯ ಪುಟದಲ್ಲಿ ಒಂದು ಪದ ಬದಲಾದರೂ ಸಂಜೆಯೊಳಗೆ ತಂಡದ ಗುಂಪಿಗೆ ಸಂದೇಶ ಬರುತ್ತದೆ. ನಮ್ಮದೇ ಒಪ್ಪಂದ ಬದಲಾದರೆ ಹೇಳುವವರಿಲ್ಲ. ಕಾನೂನು ವಿಭಾಗದವರು ಒಪ್ಪಂದದ ಮಾದರಿಯನ್ನು ಪರಿಷ್ಕರಿಸಿ, ಲಭ್ಯತೆಯನ್ನು ಅಳೆಯುವ ಅವಧಿಯನ್ನು ತಿಂಗಳಿನಿಂದ ಮೂರು ತಿಂಗಳಿಗೆ ಬದಲಿಸಿದರು. ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ 90 ದಿನಗಳಿಗೆ ಶೇ. 99.9 ಎಂದರೆ ಸುಮಾರು 129 ನಿಮಿಷಗಳ ನಿಲುಗಡೆಗೆ ಅವಕಾಶ ಸಿಗುತ್ತದೆ. ಆ ಒಂದು ದಿನದ 50 ನಿಮಿಷಗಳ ಉದಾಹರಣೆಯಲ್ಲಿ ಈಗ ನಮ್ಮ ಭರವಸೆಯೂ ಮುರಿಯುವುದಿಲ್ಲ. ಅಂದರೆ ಅಳೆಯುವ ಅವಧಿಯ ವ್ಯತ್ಯಾಸವೆಂದು ನಾವು ಹೇಳುತ್ತಿದ್ದ ಮಾತಿನಲ್ಲಿ ಏನೂ ಉಳಿಯಲಿಲ್ಲ. ಕಾರ್ಡು ಮಾತ್ರ ‘ಪರಿಶೀಲಿಸಲಾಗಿದೆ’ ಎಂಬ ಹಸಿರು ಗುರುತನ್ನು ಹೊತ್ತುಕೊಂಡು ವಾರಗಟ್ಟಲೆ ಹಾಗೆಯೇ ಕುಳಿತಿತ್ತು. ಇದನ್ನು ಕಂಡುಹಿಡಿದದ್ದು ನಮ್ಮವರಲ್ಲ. ಹೊಸ ಕರಡನ್ನು ಮುಂದಿಟ್ಟುಕೊಂಡು ಕುಳಿತಿದ್ದ ಗ್ರಾಹಕರ ವಕೀಲರು.

ಹಸಿರು ಗುರುತಿನ ಪಕ್ಕದಲ್ಲಿ ದಿನಾಂಕವೇನೋ ಇತ್ತು. ಆದರೆ ಆ ದಿನಾಂಕ ಹೇಳುತ್ತಿದ್ದುದು ಪ್ರತಿಸ್ಪರ್ಧಿಯ ಪುಟವನ್ನು ಯಾವಾಗ ಓದಲಾಯಿತು ಎಂಬುದನ್ನು ಮಾತ್ರ. ಹೋಲಿಕೆಗೆ ಎರಡು ಬದಿಗಳಿರುವಾಗ ಪರಿಶೀಲನೆಯ ದಿನಾಂಕಗಳೂ ಎರಡಿರಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ. ನಾನು ಕಾರ್ಡನ್ನು ನೋಡಿಕೊಳ್ಳುವವರಿಗೆ ಕೇಳಿಕೊಂಡಿರುವುದು ಇಷ್ಟೇ: ‘ನಮ್ಮಲ್ಲಿ?’ ಸಾಲಿನಲ್ಲಿ ಒಪ್ಪಂದದ ಷರತ್ತಿನ ಸಂಖ್ಯೆ ಮತ್ತು ಮಾದರಿಯ ಆವೃತ್ತಿಯನ್ನು ನಮೂದಿಸಿ, ಹೊಸ ಆವೃತ್ತಿ ಜಾರಿಗೆ ಬಂದ ದಿನವೇ ಆ ನಮೂದಿನ ಹಸಿರು ಗುರುತನ್ನು ತೆಗೆದುಹಾಕಬೇಕು. ಮತ್ತೆ ಓದಿ ಖಚಿತಪಡಿಸಿಕೊಳ್ಳುವ ತನಕ ಅದು ಗುರುತಿಲ್ಲದೆಯೇ ಇರಲಿ. ಕಾರ್ಡಿನಲ್ಲಿ ಉತ್ತರವಿಲ್ಲದಿದ್ದರೆ “ಒಪ್ಪಂದ ನೋಡಿ ತಿಳಿಸುತ್ತೇನೆ” ಎನ್ನಬಹುದು. ತಪ್ಪು ಉತ್ತರವಿದ್ದರೆ ಅದನ್ನೂ ಹೇಳಲಾಗುವುದಿಲ್ಲ.

ಇನ್ನೊಂದು ಕಿರಿಕಿರಿಯೂ ಇದೆ, ಇದರಷ್ಟು ದೊಡ್ಡದಲ್ಲ. ಪ್ರತಿಸ್ಪರ್ಧಿಯ ದಾಖಲೆಗಳಲ್ಲಿ ಒಂದು ಸೌಲಭ್ಯದ ಉಲ್ಲೇಖ ಸಿಗದಿದ್ದರೆ ಹಳೆಯ ಕಾರ್ಡು “ಅವರಲ್ಲಿ ಇಲ್ಲ” ಎಂದುಬಿಡುತ್ತಿತ್ತು. ಹೊಸದು “ಅವರ ಸಾರ್ವಜನಿಕ ದಾಖಲೆಗಳಲ್ಲಿ ನಮಗೆ ಕಂಡುಬಂದಿಲ್ಲ, ಅವರನ್ನೇ ಕೇಳಿ ನೋಡಿ” ಎನ್ನುತ್ತದೆ. ಇದು ನ್ಯಾಯವಾದ ಮಾತೇ. ಆದರೆ ಒಂದೇ ಕರೆಯಲ್ಲಿ ಹಲವು ಸಲ ಇದನ್ನು ಹೇಳಬೇಕಾಗಿ ಬಂದಾಗ ನಾವು ಮನೆಪಾಠ ಮಾಡದೆ ಬಂದವರಂತೆ ಕಾಣುತ್ತೇವೆ. ಅಂತಹ ನಮೂದುಗಳನ್ನು ಉತ್ತರಗಳ ಗುಂಪಿನಿಂದ ತೆಗೆದು, ಗ್ರಾಹಕರು ಎರಡೂ ಕಂಪನಿಗಳಿಗೆ ಕೇಳಬಹುದಾದ ಪ್ರಶ್ನೆಗಳಾಗಿ ಬರೆದಿದ್ದರೆ ಚೆನ್ನಾಗಿತ್ತು.

ನನ್ನ ಕೆಲಸ ಹೆಚ್ಚಾಗಿ ಫೋನಿನಲ್ಲಿ ನಡೆಯುತ್ತದೆ, ಉತ್ತರ ಹುಡುಕಲು ನನಗಿರುವುದು ಕೆಲವೇ ಸೆಕೆಂಡುಗಳು; ಹಾಗಾಗಿ ಈ ಕಾರ್ಡಿನ ಚುಟುಕುತನ ನನಗೆ ಒಗ್ಗಿದೆ. ಟೆಂಡರ್‌ಗಳಿಗೆ ಲಿಖಿತ ಉತ್ತರ ಸಿದ್ಧಪಡಿಸುವ ನಮ್ಮ ಸಹೋದ್ಯೋಗಿಗಳು ಮಾತ್ರ ಇದರಿಂದ ಏನೂ ಪ್ರಯೋಜನವಿಲ್ಲ ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಮೂಲ ಒಪ್ಪಂದಗಳ ಪೂರ್ಣ ಪಠ್ಯ, ಅದನ್ನು ಕಾರ್ಡಿನಲ್ಲಿ ತುಂಬಿದರೆ ನನಗೆ ಅದು ಉಪಯೋಗಕ್ಕೆ ಬಾರದು. ಲಭ್ಯತೆಯ ನಮೂದನ್ನು ಸದ್ಯಕ್ಕೆ ಎರಡೇ ವಾಕ್ಯಗಳಿಗೆ ಇಳಿಸಿದ್ದಾರೆ: ಅವರ ಭರವಸೆ ನಮ್ಮದಕ್ಕಿಂತ ಬಿಗಿಯಾಗಿದೆ ಎಂಬುದು ಒಂದು, ಎರಡೂ ಸ್ಟೇಟಸ್ ಪುಟಗಳ ಕೊಂಡಿಗಳು ಇಲ್ಲಿವೆ ಎಂಬುದು ಇನ್ನೊಂದು. ಆವೃತ್ತಿಯ ಸಂಖ್ಯೆಯನ್ನು ಸೇರಿಸುವ ನನ್ನ ಕೋರಿಕೆಗೆ ಒಪ್ಪಿಗೆ ಸಿಕ್ಕಿದೆಯಾದರೂ ಕಾನೂನು ವಿಭಾಗದಿಂದ ಬದಲಾವಣೆಯ ಸೂಚನೆಯನ್ನು ಯಾರು ಪಡೆಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಾಗುವ ತನಕ ಒಪ್ಪಂದಕ್ಕೆ ಸಂಬಂಧಿಸಿದ ಯಾವುದೇ ನಮೂದನ್ನು ಬಳಸುವ ಮುನ್ನ ನಾನೇ ಒಪ್ಪಂದದ ಮಾದರಿಯನ್ನು ತೆರೆದು ಆ ಷರತ್ತನ್ನು ಓದಿಕೊಳ್ಳುತ್ತೇನೆ.