ದಾಳಿಂಬೆ ಸರ್ವೆಗೆ ಮಾದರಿ ಗಾತ್ರ: Beta(2, 18) ನಂಬಿ ನಾನು ಕೆಟ್ಟಿದ್ದು ಹೀಗೆ

ಬಾಗಲಕೋಟೆ ಸುತ್ತಿನ ದಾಳಿಂಬೆ ತೋಟಗಳಲ್ಲಿ ಎಷ್ಟು ಪಾಲಿಗೆ ದುಂಡಾಣು ಅಂಗಮಾರಿ ತಗುಲಿದೆ ಎಂದು ಅಂದಾಜು ಮಾಡಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. 95% ಇಂಟರ್ವಲ್‌ನ ಉದ್ದ 0.10 ದಾಟಬಾರದು ಎಂಬುದು ಕೆಲಸ ಕೊಟ್ಟವರ ಷರತ್ತು. ನನ್ನ ಲೆಕ್ಕ ಎಲ್ಲಿ ಕೈಕೊಟ್ಟಿತು ಎಂದು ಬಿಡಿಸಿ ಹೇಳುತ್ತೇನೆ. ಸರ್ವೆಗೆ ಮುಂಚಿನ ಅಂದಾಜನ್ನು ಬೀಟಾ ಪ್ರಯರ್ ಆಗಿ ಇಟ್ಟು ಮಾದರಿ ಗಾತ್ರ ತೆಗೆಯುವ ಯಾರಿಗೂ ಇದು ಆಗಬಹುದು.

ಬೇಸಿಗೆಯಲ್ಲಿ 20 ತೋಟ ನೋಡಿದ್ದೆ, ಎರಡರಲ್ಲಿ ರೋಗವಿತ್ತು. ಅದನ್ನೇ Beta(2, 18) ಎಂದು ಪ್ರಯರ್ ಮಾಡಿದೆ. ನಿರೀಕ್ಷಿತ ಉದ್ದ 0.10ಕ್ಕೆ ಇಳಿಯಲು ಸುಮಾರು 100 ತೋಟ ಸಾಕು ಎಂದು ಬಂತು. ಹಣವೂ ಅಷ್ಟಕ್ಕೇ ಮಂಜೂರಾಯಿತು.

ಸರ್ವೆಗೆ ಹೋದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಮೊದಲ ದಿನವೇ ರೈತರೊಬ್ಬರು ಒಂದು ಕಾಯಿ ಕಿತ್ತು ಕೈಗಿಟ್ಟರು. ಮೇಲೆ ಕಪ್ಪು ಚುಕ್ಕೆ, ಅದರ ನಡುವಿನಿಂದ ಸಿಪ್ಪೆ ಮೂರು ಕವಲಾಗಿ ಸೀಳಿತ್ತು. "ಮಳಿ ಹಿಡಿದ ಮ್ಯಾಲ ಹಿಂಗಾಗೇತ್ರಿ ಸರ, ಬ್ಯಾಸಗಿಯೊಳಗ ಇದು ಕಾಣ್ತಿರಲಿಲ್ಲ" ಎಂದರು. ಈ ರೋಗ ಮಳೆ ಹನಿಯ ಜೊತೆ ಹರಡುತ್ತದೆ. ಬೇಸಿಗೆಯ ಎಣಿಕೆಯನ್ನು ಮಳೆಗಾಲಕ್ಕೆ ಪ್ರಯರ್ ಮಾಡಿದ್ದೇ ಮೊದಲ ತಪ್ಪು.

ಕೊನೆಗೆ 100ರಲ್ಲಿ 30 ತೋಟಕ್ಕೆ ರೋಗ. ಪ್ರಯರ್‌ಗೆ ಇದನ್ನು ಕೂಡಿಸಿದಾಗ ಬಂದ ಪೋಸ್ಟೀರಿಯರ್ Beta(32, 88), ಇಂಟರ್ವಲ್ ಸುಮಾರು 0.19ರಿಂದ 0.35, ಉದ್ದ 0.16. ಸಾಲದ್ದಕ್ಕೆ ಪ್ರಯರ್‌ನ ಆ 20 ತೋಟಗಳು ಅಂದಾಜನ್ನು 0.30ರಿಂದ 0.27ಕ್ಕೆ ಎಳೆದವು. ಪಾಲು 0.30 ದಾಟುವ ಸಂಭವ ಶೇ 1 ಮಾತ್ರ ಎನ್ನುತ್ತಿತ್ತು ಆ ಪ್ರಯರ್. ಹೊರಡುವ ಮುಂಚೆ ಇದೊಂದನ್ನು ನೋಡಿ ರೈತರನ್ನು ಕೇಳಿದ್ದರೂ ಸಾಕಿತ್ತು.

ಎರಡನೆಯ ತಪ್ಪು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿದ್ದು. ಪ್ರಯರ್ ಸರಿಯಿದ್ದರೂ ನನ್ನ 100 ಸಾಲುತ್ತಿರಲಿಲ್ಲ. ನಿರೀಕ್ಷಿತ ಉದ್ದ ಎಂದರೆ ಬರಬಹುದಾದ ಎಲ್ಲ ಫಲಿತಾಂಶಗಳ ಮೇಲಿನ ಸರಾಸರಿ. ರೋಗ ಕಡಿಮೆ ಸಿಕ್ಕರೆ ಇಂಟರ್ವಲ್ ಗಿಡ್ಡ, ಹೆಚ್ಚು ಸಿಕ್ಕರೆ ಉದ್ದ. ಸರಾಸರಿಯಲ್ಲಿ ಎರಡೂ ಬೆರೆತುಹೋಗುತ್ತವೆ. R ಇದ್ದರೆ ಹೀಗೆ ನೋಡಿ:

```
n <- 100; a <- 2; b <- 18
x <- rbinom(20000, n, rbeta(20000, a, b))
L <- qbeta(.975, a+x, b+n-x) - qbeta(.025, a+x, b+n-x)
mean(L); mean(L > 0.10)
```

ಕೊನೆಯ ಸಂಖ್ಯೆ ಸುಮಾರು ಅರ್ಧ ಬರುತ್ತದೆ. ಅಂದರೆ ಎರಡು ಸರ್ವೆ ಮಾಡಿದರೆ ಒಂದರಲ್ಲಿ ಷರತ್ತು ಮುರಿದಂತೆಯೇ. ಷರತ್ತು ಮುರಿಯುವ ಈ ಸಂಭವ ಶೇ 10ಕ್ಕೆ ಇಳಿಯಬೇಕಾದರೆ ಇದೇ ಪ್ರಯರ್‌ಗೂ ಸುಮಾರು 210 ತೋಟ ಬೇಕು. ಯಾವ ಫಲಿತಾಂಶ ಬಂದರೂ ಉದ್ದ ಮೀರಬಾರದು ಎಂದರೆ 363. ನಾನು `mean(L)` ಒಂದನ್ನೇ ನೋಡಿ ಅರ್ಜಿ ಬರೆದಿದ್ದೆ.

ಮುಂದಿನ ಮಳೆಗಾಲಕ್ಕೆ ಈ ವರ್ಷದ 30ನ್ನೂ 70ನ್ನೂ ಹಾಗೆಯೇ ಪ್ರಯರ್‌ಗೆ ತುಂಬುವುದಿಲ್ಲ. ತೂಕ ಹತ್ತು ಪಟ್ಟು ಇಳಿಸಿ Beta(3, 7) ಇಟ್ಟಿದ್ದೇನೆ. ಸರಾಸರಿ ಲೆಕ್ಕವೇ ಈಗ 280 ತೋಟಗಳ ಹತ್ತಿರ ಬರುತ್ತಿದೆ. ಅರ್ಜಿಯಲ್ಲಿ ಅದರ ಪಕ್ಕದಲ್ಲೇ `mean(L > 0.10)` ಎಷ್ಟು ಎಂದೂ ಬರೆದಿದ್ದೇನೆ.