ಹ್ಯಾಲಿ ವಿಧಾನ: ಎಸ್ಟೇಟಿನ ಡೀಸೆಲ್ ಟ್ಯಾಂಕಿನ ಮೇಲೆ ಹಲವು ವರ್ಷ ಬಳಸಿದ ಮೇಲೆ

ಸಿದ್ದಾಪುರ, ಗೋಣಿಕೊಪ್ಪ ಕಡೆಯ ಕಾಫಿ ತೋಟಗಳ ಡೀಸೆಲ್ ಟ್ಯಾಂಕುಗಳಿಗೆ ಅಳತೆಕೋಲು ಗುರುತು ಮಾಡಿಕೊಡುವುದು ನನ್ನ ಕೆಲಸಗಳಲ್ಲೊಂದು. ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪಂಪುಗಳು ಹಗಲಿರುಳು ಓಡುತ್ತವೆ. ಆಗ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ರೈಟರ್ ಕೋಲು ಅದ್ದಿ ನೋಡಿಯೇ ಹೇಳಬೇಕು. ಟ್ಯಾಂಕು ಮಲಗಿಸಿದ ಸಿಲಿಂಡರ್ ಆದ್ದರಿಂದ ಲೀಟರಿನ ಗುರುತುಗಳು ಸಮಾನ ಅಂತರದಲ್ಲಿ ಬರುವುದಿಲ್ಲ. ಪ್ರತಿ ಗುರುತಿಗೂ ಒಂದು ಸಮೀಕರಣ ಬಿಡಿಸಬೇಕು.

ಟ್ಯಾಂಕಿನ ತ್ರಿಜ್ಯ R, ದ್ರವದ ಮೇಲ್ಮೈ ವೃತ್ತದ ಕೇಂದ್ರದಲ್ಲಿ ಮಾಡುವ ಕೋನ θ ಆದರೆ, ತುಂಬಿದ ಪಾಲು (θ − sin θ)/2π, ಆಳ R(1 − cos(θ/2)). ಪಾಲು ಗೊತ್ತಿದ್ದಾಗ θ ಹುಡುಕಲು ನೇರ ಸೂತ್ರವಿಲ್ಲ; ಒಂದು ಊಹೆಯಿಂದ ಹೊರಟು ಹೆಜ್ಜೆ ಹೆಜ್ಜೆಯಾಗಿ ಉತ್ತರಕ್ಕೆ ಹತ್ತಿರವಾಗಬೇಕು. ನ್ಯೂಟನ್ನನ ಸ್ಪರ್ಶರೇಖೆ ವಿಧಾನ ಮೊದಲಿನಿಂದಲೂ ನನ್ನ ಕೈಯಲ್ಲಿತ್ತು. ಜೊತೆಗೆ ಎಡ್ಮಂಡ್ ಹ್ಯಾಲಿ 1694ರಲ್ಲಿ ಪ್ರಕಟಿಸಿದ ವಿಧಾನವನ್ನೂ ಬಳಸುತ್ತಾ ಬಂದಿದ್ದೇನೆ. ಧೂಮಕೇತುವಿಗೆ ಹೆಸರಾದ ಹ್ಯಾಲಿಯೇ ಈತ. ನ್ಯೂಟನ್ ವಿಧಾನ ವಕ್ರರೇಖೆಯ ಇಳಿಜಾರನ್ನು ಮಾತ್ರ ನೋಡುತ್ತದೆ; ಹ್ಯಾಲಿ ವಿಧಾನ ಎರಡನೇ ಅವಕಲನದ ಮೂಲಕ ಅದರ ಬಾಗನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

```
s = sin(t)           # t = θ
f = t - s - k        # k = 2*pi*ಪಾಲು
g = 1 - cos(t)
n = f/g              # ನ್ಯೂಟನ್ ಹೆಜ್ಜೆ
t = t - n/(1 - n*s/(2*g))
```

ಇಲ್ಲಿ ಎರಡನೇ ಅವಕಲನ sin θ. ಅದು f ಲೆಕ್ಕ ಹಾಕುವಾಗಲೇ ಸಿಕ್ಕಿರುತ್ತದೆ, ಹಾಗಾಗಿ ಹೆಚ್ಚುವರಿ ಖರ್ಚು ಎರಡು ಮೂರು ಗುಣಾಕಾರ, ಭಾಗಾಕಾರ ಅಷ್ಟೇ. ಈ ಕೆಲಸದಲ್ಲಿ ಹ್ಯಾಲಿ ನನಗೆ ಇಷ್ಟವಾಗಲು ಮುಖ್ಯ ಕಾರಣ ಇದೇ.

1.2 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಶೇ 10ರ ಗುರುತನ್ನು ನೋಡೋಣ. ಅರ್ಧ ಟ್ಯಾಂಕು ಎಂದು ಊಹಿಸಿ θ = π ಯಿಂದ ಹೊರಟರೆ ಮೊದಲ ಹೆಜ್ಜೆಯಲ್ಲಿ ಎರಡೂ 1.88496ಕ್ಕೇ ಬರುತ್ತವೆ. ಅಲ್ಲಿ sin π ಸೊನ್ನೆಯಾದ್ದರಿಂದ ಬಾಗಿನ ಮಾಹಿತಿಯೇ ಇಲ್ಲ, ಹ್ಯಾಲಿ ಸೂತ್ರ ನ್ಯೂಟನ್ ಸೂತ್ರವೇ ಆಗಿಬಿಡುತ್ತದೆ. ಎರಡನೇ ಹೆಜ್ಜೆಗೆ ನ್ಯೂಟನ್ 1.65151, ಹ್ಯಾಲಿ 1.62988. ಸರಿಯಾದ ಉತ್ತರ 1.62675. ಕೋಲಿನ ಮೇಲೆ ಹೇಳುವುದಾದರೆ ಗುರುತು 18.8 ಸೆಂ.ಮೀ. ಎತ್ತರದಲ್ಲಿ ಬೀಳಬೇಕು, ನ್ಯೂಟನ್ ಐದು ಮಿಲಿಮೀಟರಿಗೂ ಹೆಚ್ಚು ಮೇಲಿದೆ, ಹ್ಯಾಲಿ ಒಂದು ಮಿಲಿಮೀಟರಿನೊಳಗೆ ಬಂದಿದೆ. ಕೊನೆಗೆ ಆರು ದಶಮಾಂಶ ಸ್ಥಾನಗಳ ಮಟ್ಟಿಗೆ ನಿಲ್ಲಲು ಹ್ಯಾಲಿಗೆ ಮೂರು ಹೆಜ್ಜೆ ಸಾಕು, ನ್ಯೂಟನ್ನಿಗೆ ನಾಲ್ಕು ಬೇಕು. ತಳದ ಹತ್ತಿರ, ಶೇ 1ರ ಗುರುತಿನಲ್ಲಿ, ಅಂತರ ಹಿಗ್ಗುತ್ತದೆ: ಅದೇ π ಯಿಂದ ಹೊರಟರೆ ಹ್ಯಾಲಿಗೆ ನಾಲ್ಕು, ನ್ಯೂಟನ್ನಿಗೆ ಆರು. ಅಲ್ಲಿ ಇಳಿಜಾರು ತೀರಾ ಕಡಿಮೆ, ಅದಕ್ಕೆ ಹೋಲಿಸಿದರೆ ಬಾಗು ಹೆಚ್ಚು. ಪೂರ್ತಿ ಖಾಲಿ ಗುರುತಿಗೆ ಮಾತ್ರ ಎರಡನ್ನೂ ಓಡಿಸಬಾರದು. ಉತ್ತರ ಸೊನ್ನೆಯಾದಲ್ಲಿ ಇಳಿಜಾರೂ ಸೊನ್ನೆ.

ಇಷ್ಟಾದರೂ ಹ್ಯಾಲಿಗೆ ನಾನು ಪೂರ್ಣ ಅಂಕ ಕೊಡುವುದಿಲ್ಲ. ಸಣ್ಣ ಕೋನಕ್ಕೆ θ − sin θ ಸುಮಾರು θ³/6. ಆದ್ದರಿಂದ ಆರಂಭದ ಊಹೆಯಾಗಿ 6k ಯ ಘನಮೂಲ ತೆಗೆದುಕೊಂಡರೆ ಶೇ 1ಕ್ಕೆ 0.7224 ಸಿಗುತ್ತದೆ, ಸರಿಯಾದ ಉತ್ತರ 0.7288. ಅಲ್ಲಿಂದ ನ್ಯೂಟನ್ನಿನ ಒಂದೇ ಹೆಜ್ಜೆಗೆ ಕೋಲಿನ ಮೇಲಿನ ತಪ್ಪು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ಸಪೂರ ಗೆರೆಯನ್ನು ಯಾವ ಉಳಿಯೂ ಕೊರೆಯದು. ಒಳ್ಳೆಯ ಊಹೆ ಇರುವಲ್ಲಿ ಹ್ಯಾಲಿಯ ಲಾಭ ಬಹುಪಾಲು ಕರಗಿಹೋಗುತ್ತದೆ.

ಗಣಿತಜ್ಞರು ಇದನ್ನು ದಕ್ಷತೆಯ ಸೂಚ್ಯಂಕದಿಂದ ಅಳೆಯುತ್ತಾರೆ: ಒಂದೊಂದು ಲೆಕ್ಕಕ್ಕೆ ಸರಿಯಾದ ಅಂಕೆಗಳು ಸರಾಸರಿ ಎಷ್ಟು ಪಟ್ಟಾಗುತ್ತವೆ ಎಂಬುದೇ ಅದು. ಹೆಜ್ಜೆಗೆ ಎರಡು ಲೆಕ್ಕ ಕೇಳುವ ನ್ಯೂಟನ್ನಿಗೆ 2ರ ವರ್ಗಮೂಲ, 1.414. ಮೂರು ಲೆಕ್ಕ ಕೇಳುವ ಹ್ಯಾಲಿಗೆ 3ರ ಘನಮೂಲ, 1.442. ಮೂರೂ ಲೆಕ್ಕಕ್ಕೆ ಒಂದೇ ಬೆಲೆ ಎಂದುಕೊಂಡರೆ ಬರುವ ವ್ಯತ್ಯಾಸ ಇಷ್ಟು ಚಿಕ್ಕದು. ಎರಡನೇ ಅವಕಲನ ಪುಕ್ಕಟೆ ಸಿಕ್ಕರೆ ತಕ್ಕಡಿ ಹ್ಯಾಲಿಯ ಕಡೆ ಗಟ್ಟಿಯಾಗಿ ವಾಲುತ್ತದೆ, ದುಬಾರಿಯಾದರೆ ನ್ಯೂಟನ್ನಿನ ಕಡೆ.

ದುಬಾರಿಯಾಗುವುದು ನಮ್ಮ ಇಳಿಜಾರು ನೆಲದಲ್ಲೇ. ಟ್ಯಾಂಕು ಒಂದು ಕಡೆಗೆ ವಾಲಿ ಕೂತಿದ್ದರೆ ಆಳ ಉದ್ದಕ್ಕೂ ಬದಲಾಗುತ್ತದೆ, ಪರಿಮಾಣವನ್ನು ತುಂಡು ತುಂಡಾಗಿ ಕೂಡಬೇಕು. ವಕ್ರರೇಖೆಯ ಇಳಿಜಾರಿಗೆ ಮತ್ತೊಂದು ಕೂಡಿಕೆ, ಬಾಗಿಗೆ ಮೂರನೆಯದು. ಮೇಲಾಗಿ ಆಳ h ಹಿಡಿದು ಮಾಡುವ ಲೆಕ್ಕದಲ್ಲಿ ಎರಡನೇ ಅವಕಲನದ ಛೇದದಲ್ಲಿ √(2Rh − h²) ಕೂತಿರುತ್ತದೆ. ಡೀಸೆಲ್ ತಳ ಮುಟ್ಟುವ ಅಂಚಿನಲ್ಲಿ ಆ ಅವಕಲನ ಅನಂತಕ್ಕೆ ಹೋಗಿ ಕೂಡಿಕೆ ಹದಗೆಡುತ್ತದೆ. ಅಂಥ ಟ್ಯಾಂಕುಗಳಿಗೆ ನಾನು ನ್ಯೂಟನ್ ಬಿಟ್ಟು ಬೇರೆ ಬಳಸುವುದಿಲ್ಲ.

ಹ್ಯಾಲಿ ಬಳಸುವವರು ಒಂದನ್ನು ಗಮನಿಸಲೇಬೇಕು. ಎರಡನೇ ಅವಕಲನ ತಪ್ಪಾಗಿ ಬರೆದಿದ್ದರೂ ಉತ್ತರಕ್ಕೆ ಹತ್ತಿರದಿಂದ ಹೊರಟರೆ ಸರಿಯಾದ ಉತ್ತರವೇ ಬರುತ್ತದೆ, ವೇಗ ಮಾತ್ರ ನ್ಯೂಟನ್ನಿನ ಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಉತ್ತರ ನೋಡಿ ತಪ್ಪು ಹಿಡಿಯಲಾಗದು. ಪ್ರತಿ ಹೆಜ್ಜೆಯ θ ಅಚ್ಚುಮಾಡಿ ಸರಿಯಾದ ಅಂಕೆಗಳನ್ನು ಎಣಿಸಿ: ಉತ್ತರದ ಸಮೀಪದಲ್ಲಿ ಅವು ಪ್ರತಿ ಬಾರಿ ಹೆಚ್ಚುಕಡಿಮೆ ಮೂರು ಪಟ್ಟಾಗಬೇಕು. ಎರಡು ಪಟ್ಟಷ್ಟೇ ಆಗುತ್ತಿದ್ದರೆ ಮೊದಲು ಎರಡನೇ ಅವಕಲನದ ಸಾಲನ್ನು ಪರೀಕ್ಷಿಸಿ.