ಕೊಟ್ಟಿದ್ದು 24 ವೋಲ್ಟ್, ಹೊಡೆದದ್ದು 215: ಬೆಂಚಿನ ಮೇಲೆ ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವವರು ಗಮನಿಸಿ

ಟ್ರಾನ್ಸ್‌ಫಾರ್ಮರ್‌ನ ಪೋಲಾರಿಟಿ, ಟರ್ನ್ಸ್ ರೇಷಿಯೋ ನೋಡಲು ಬೆಂಚಿನ ಮೇಲೆ ಕಡಿಮೆ ವೋಲ್ಟೇಜ್ ಎಸಿ ಕೊಡುವ ಅಭ್ಯಾಸ ಇರುವವರೆಲ್ಲ ದಯವಿಟ್ಟು ಇದನ್ನು ಓದಿ. ಇದೇ ಕೆಲಸ ಮಾಡುತ್ತಿದ್ದ ನಮ್ಮ ವರ್ಕ್‌ಶಾಪಿನ ಹುಡುಗನಿಗೆ ಕರೆಂಟ್ ಹೊಡೆದು ಎರಡೂ ಕೈ ಸೆಟೆದುಕೊಂಡವು. ನಾನು ಸಪ್ಲೈ ಸ್ವಿಚ್ ಆರಿಸಿದ ಮೇಲೆಯೇ ಅವನಿಗೆ ಕ್ಲಿಪ್ ಬಿಡಲು ಆಗಿದ್ದು. "ಅಣ್ಣಾ, ನಾನು ಕೊಟ್ಟಿದ್ದು ಬರೀ 24 ವೋಲ್ಟು" ಅಂತ ನಡುಗುತ್ತಾ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ.

ಅದು ರೀವೈಂಡಿಂಗ್ ಆಗಿ ಬಂದಿದ್ದ 100 ವಿಎ ಟ್ರಾನ್ಸ್‌ಫಾರ್ಮರ್, 230 ವೋಲ್ಟಿಗೆ 24 ವೋಲ್ಟ್. ಸುತ್ತಿದವರು ನಾಲ್ಕೂ ವಯರುಗಳಿಗೆ ಒಂದೇ ಹಳದಿ ಸ್ಲೀವ್ ಹಾಕಿ, ಯಾವುದು ಯಾವ ಕಡೆಯದು ಎಂಬ ಗುರುತೇ ಇಲ್ಲದೆ ಕಳಿಸಿದ್ದರು. ಹುಡುಗ ಮೀಟರನ್ನು ಬಝರಿಗೆ ಇಟ್ಟು ಜೋಡಿ ಹುಡುಕಿದ. ಎರಡೂ ವೈಂಡಿಂಗ್ ಬೀಪ್ ಅಂದವು. ಒಂದರ ರೆಸಿಸ್ಟೆನ್ಸ್ 18 ಓಮ್, ಇನ್ನೊಂದರದು ಅರ್ಧ ಓಮೂ ಇಲ್ಲ. ಆದರೆ ಸಾಮಾನ್ಯ ಮೀಟರುಗಳ ಬಝರ್ 30 ಓಮ್ ಒಳಗಿದ್ದರೆ ಎಲ್ಲಕ್ಕೂ ಒಂದೇ ಥರ ಕೂಗುತ್ತದೆ. ಹೀಗಾಗಿ 24 ವೋಲ್ಟಿನ ಸಪ್ಲೈ ಹೋಗಿ ಸೇರಿದ್ದು ಸೆಕೆಂಡರಿಗೆ. ಆಗ ಪ್ರೈಮರಿಯ ತುದಿಗಳಲ್ಲಿ ಸುಮಾರು 215 ವೋಲ್ಟ್ ಎದ್ದು ಕೂತಿತ್ತು.

ಎರಡೂವರೆ ವೋಲ್ಟ್ ಬರುತ್ತದೆ ಎಂಬ ಲೆಕ್ಕದಲ್ಲಿ ಅವನು ಮೀಟರನ್ನು 20 ವೋಲ್ಟ್ ರೇಂಜಿನಲ್ಲಿ ಇಟ್ಟಿದ್ದ. ಪರದೆಯ ಎಡ ಮೂಲೆಯಲ್ಲಿ 1 ಮಾತ್ರ ಬಂತು, ಅಂದರೆ ರೇಂಜ್ ಮೀರಿದೆ. ಕ್ಲಿಪ್ ಸರಿಯಾಗಿ ಕಚ್ಚಿಲ್ಲವೇನೋ ಅಂದುಕೊಂಡು ಎರಡನ್ನೂ ಎರಡು ಕೈಯಲ್ಲಿ ಒತ್ತಿ ಹಿಡಿದ. ಆ 1 ಕಂಡ ಕೂಡಲೇ ಕೈ ಹೋಗಬೇಕಾದದ್ದು ಸಪ್ಲೈ ಸ್ವಿಚ್ಚಿಗೆ.

ಎಲ್ಲರೂ ತಿಳಿಯಬೇಕಾದ ಇನ್ನೊಂದು ವಿಷಯ, ಅಲ್ಲಿದ್ದ ಯಾವ ರಕ್ಷಣೆಯೂ ಅವನ ನೆರವಿಗೆ ಬರುತ್ತಿರಲಿಲ್ಲ. ಕರೆಂಟ್ ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದು ಕೈಗೆ ಹರಿದು ಅದೇ ವೈಂಡಿಂಗಿಗೆ ವಾಪಸಾಗುತ್ತದೆ. ಭೂಮಿಗೆ ಏನೂ ಸೋರುವುದಿಲ್ಲ, ಹಾಗಾಗಿ ಆರ್‌ಸಿಸಿಬಿ ಟ್ರಿಪ್ ಆಗುವುದಿಲ್ಲ. ಫ್ಯೂಸ್ ಕಥೆಯೂ ಅಷ್ಟೇ. ಮೈಯಲ್ಲಿ 30 ಮಿಲಿಆಂಪ್ ಹರಿದರೆ ಸಪ್ಲೈ ಕಡೆ ಅದರಿಂದ ಹೆಚ್ಚುವುದು ಕಾಲು ಆಂಪಿಗಿಂತ ಚೂರು ಮೇಲೆ, ಅಷ್ಟಕ್ಕೆ 1 ಆಂಪ್ ಫ್ಯೂಸ್ ಬೆಚ್ಚಗೂ ಆಗದು.

ಹುಡುಗನನ್ನು ಡಾಕ್ಟರ ಹತ್ತಿರ ಕರೆದೊಯ್ದು ಇಸಿಜಿ ಮಾಡಿಸಿದೆವು, ಏನೂ ತೊಂದರೆ ಇರಲಿಲ್ಲ. ಆಮೇಲೆ ಅದೇ ಟ್ರಾನ್ಸ್‌ಫಾರ್ಮರನ್ನು ಅವನನ್ನೂ ಕೂರಿಸಿಕೊಂಡು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದೆ.

ಮೊದಲು ಬಝರ್ ಬಿಟ್ಟು ಓಮ್ ರೇಂಜ್. ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಅವುಗಳದೇ ರೆಸಿಸ್ಟೆನ್ಸ್ ಎಷ್ಟೆಂದು ನೋಡಿ ಕಳೆಯಬೇಕು, ಇಲ್ಲದಿದ್ದರೆ ಸೆಕೆಂಡರಿಯ ಅಳತೆಗೆ ಅರ್ಥವಿರುವುದಿಲ್ಲ. 18 ಓಮ್ ತೋರಿದ ಜೋಡಿ ಪ್ರೈಮರಿ. ಸಪ್ಲೈ ಅದಕ್ಕೇ ಕೊಡಬೇಕು, ಕ್ಲಿಪ್ಪುಗಳನ್ನೆಲ್ಲ ಸ್ವಿಚ್ ಆರಿದ್ದಾಗಲೇ ಹಾಕಬೇಕು, ಮೀಟರ್ ಅತಿ ಹೆಚ್ಚಿನ ಎಸಿ ರೇಂಜಿನಿಂದ ಶುರುವಾಗಬೇಕು. ಪ್ರೈಮರಿಗೆ ಕೊಟ್ಟದ್ದು 24.2, ಸೆಕೆಂಡರಿಯಲ್ಲಿ ಬಂದದ್ದು 2.72. ರೇಷಿಯೋ 8.9.

ಪೋಲಾರಿಟಿಗೆ ಸ್ವಿಚ್ ಆರಿಸಿ, ಪ್ರೈಮರಿಯ ಒಂದು ತುದಿಗೂ ಸೆಕೆಂಡರಿಯ ಒಂದು ತುದಿಗೂ ಜಂಪರ್ ಹಾಕಿ, ಉಳಿದ ಎರಡು ತುದಿಗಳ ನಡುವೆ ಮೀಟರ್ ಇಟ್ಟೆವು. ಮತ್ತೆ ಸಪ್ಲೈ ಕೊಟ್ಟಾಗ 21.5 ಬಂತು. ಕೊಟ್ಟದ್ದಕ್ಕಿಂತ ಕಡಿಮೆ, ಅಂದರೆ ಜಂಪರ್ ಸೇರಿಸಿದ ಎರಡು ತುದಿಗಳು ಒಂದೇ ಪೋಲಾರಿಟಿಯವು. ಆ ಎರಡಕ್ಕೂ ಆಗಲೇ ಚುಕ್ಕೆ ಗುರುತು ಹಾಕಿದೆವು. ವಿರುದ್ಧವಾಗಿದ್ದರೆ 26.9 ಬರುತ್ತಿತ್ತು.

ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ: "230ನ್ನು 24ರಿಂದ ಭಾಗಿಸಿದರೆ 9.6 ಬರಬೇಕಲ್ಲಣ್ಣ, ಸುತ್ತು ತಪ್ಪಿದೆಯಾ?" ತಪ್ಪಿಲ್ಲ. ಈ ಅಳತೆಯ ಟ್ರಾನ್ಸ್‌ಫಾರ್ಮರಿಗೆ ಹೇಳುವ 24 ವೋಲ್ಟ್ ಪೂರ್ತಿ ಲೋಡ್ ಇದ್ದಾಗಿನದು. ವೈಂಡಿಂಗಿನ ರೆಸಿಸ್ಟೆನ್ಸಿನಲ್ಲಿ ಕಳೆದುಹೋಗುವ ವೋಲ್ಟೇಜನ್ನು ತುಂಬಲು ಸೆಕೆಂಡರಿಗೆ ಒಂದಿಷ್ಟು ಸುತ್ತು ಜಾಸ್ತಿ ಹಾಕಿರುತ್ತಾರೆ. 230ನ್ನು 8.9ರಿಂದ ಭಾಗಿಸಿದರೆ 25.8, ಲೋಡ್ ಇಲ್ಲದಾಗ ಇಷ್ಟು ಇರುವುದೇ ಸರಿ.

ಇನ್ಸುಲೇಷನ್ ಗಟ್ಟಿಯಾಗಿದೆಯೇ ಎಂಬುದು ಮಾತ್ರ ಈ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. 24 ವೋಲ್ಟಿಗೆ ತಡೆದುಕೊಂಡ ಪದರ 230ಕ್ಕೆ ಸೀಳಬಹುದು. ಅದಕ್ಕೆ 500 ವೋಲ್ಟಿನ ಮೆಗ್ಗರ್ ಹಿಡಿದು ಪ್ರೈಮರಿ-ಸೆಕೆಂಡರಿ ನಡುವೆ, ಆಮೇಲೆ ಪ್ರತಿ ವೈಂಡಿಂಗಿನಿಂದ ಕೋರಿಗೆ ನೋಡಿದ ಮೇಲೆಯೇ ನಾವು ಅದನ್ನು ಪ್ಯಾನೆಲ್ಲಿಗೆ ಹಾಕಿದ್ದು.